ಟಮಾಟೆವ್ವನ ತಕರಾರು

ನಮ್ಮ ಶಾಲೆಯ ಪತ್ರಿಕೆಯಲ್ಲಿ ‘ಕಟ್ಟಿ ಮ್ಯಾಲಿನ ಮಾತು’ ಅಂತ ಒಂದು ಅಂಕಣ ಉಂಟು. ಊರಿನ ಹಿರಿಯರನ್ನು ಕಂಡು, ಕಟ್ಟೆಯ ಮೇಲೆ ಕೂತು ಮಾತಾಡಿಸಿ ಬರೆಯುವುದು ಅದರ ರಿವಾಜು. ಈ ಸಲ ಲಗ್ನದ ಸುಗ್ಗಿ. ಹುನಗುಂದದ ಹಿರಿಯರೆಲ್ಲ ಒಂದೋ ಊಟಕ್ಕೆ ಹೋಗಿದ್ದರು, ಇಲ್ಲಾ ಉಂಡು ಮಲಗಿದ್ದರು. ಬರೆಯಬೇಕಾದ ಹುಡುಗರು ‘ಸರ, ಈ ಸಲ ನೀವ ಬರೀರಿ’ ಅಂತ ನನ್ನ ಕೊರಳಿಗೆ ಕಟ್ಟಿ ಕಬಡ್ಡಿಗೆ ಓಡಿದರು.

ಆ ರಾತ್ರಿ ಆರನೆಯತ್ತೆಯ ವಿಜ್ಞಾನದ ಪೇಪರು ತಿದ್ದುತ್ತ ಕೂತಿದ್ದೆ. ‘ಬಿಟ್ಟ ಸ್ಥಳ ತುಂಬಿರಿ: ಟೊಮೆಟೊ ಒಂದು ______.’ ಇಡೀ ವರ್ಗ ‘ತರಕಾರಿ’ ಅಂತ ಬರೆದಿತ್ತು. ಒಬ್ಬ ಹುಡುಗ ಮಾತ್ರ ದಪ್ಪ ಅಕ್ಷರದಲ್ಲಿ ‘ಹಣ್ಣು’ ಅಂತ ಬರೆದಿದ್ದ. ಕೆಂಪು ಪೆನ್ನು ಎತ್ತಿ ಅಡ್ಡಗೀಟು ಎಳೆದೆ.

“ಏನ್ರೀ ಮಾಸ್ತರ, ನನ್ನ ಬಣ್ಣಾನ ಇಸಕೊಂಡು ನನಗ ತಪ್ಪ ಹಾಕ್ತೀರಿ?”

ಮುಂಜಾನೆ ಇಳಕಲ್ಲ ಸಂತೆಯಿಂದ ತಂದ ಕೈಚೀಲ ಮೂಲೆಯಲ್ಲಿತ್ತು. ಬದನೇಕಾಯಿ, ಸೌತೇಕಾಯಿ, ಗಜ್ಜರಿ, ಉಳ್ಳಾಗಡ್ಡಿ, ರಂಜಕಕ್ಕೆಂದು ತಂದ ಕೆಂಪು ಹಣ್ಣ ಮೆಣಸಿನಕಾಯಿ. ಎಲ್ಲರ ನೆತ್ತಿಯ ಮೇಲೆ, ಹಸಿರು ತೊಟ್ಟಿನ ಕಿರೀಟ ಇಟ್ಟುಕೊಂಡು, ಇಳಕಲ್ಲ ಸೀರೆಯ ಕೆಂಪು ಸೆರಗು ಹೊದ್ದವಳ ಹಾಗೆ ಕೂತಿದ್ದಳು ಒಬ್ಬ ಟಮಾಟೆವ್ವ. ಗಲ್ಲ ಉಬ್ಬಿಸಿದ್ದಳು. ಸಿಟ್ಟಿನಿಂದಲೋ ಹುಟ್ಟಾ ಹಾಗೋ ಗೊತ್ತಾಗಲಿಲ್ಲ. ಅಂಕಣಕ್ಕೆ ಆಸಾಮಿ ಸಿಕ್ಕಿತು ಅಂದುಕೊಂಡು ಹಾಳೆ ತಿರುವಿದೆ.

ನಾನು: ಯವ್ವಾ, ಸಿಟ್ಟ ಆಗಬ್ಯಾಡ್ರಿ. ಮೂವತ್ತೊಂಬತ್ತ ಹುಡುಗರು ತರಕಾರಿ ಅಂದಾರ, ಒಬ್ಬವ ಹಣ್ಣ ಅಂದಾನ.

ಟಮಾಟೆವ್ವ: ಬಹುಮತದಿಂದ ಪಂಚಾಯ್ತಿ ಚೇರ್ಮನ್ ಆಗ್ತಾರ್ರಿ, ಹಣ್ಣ ಆಗೂದಿಲ್ಲ. ನೀವು ವಿಜ್ಞಾನದ ಮಾಸ್ತರ ಹೌದೋ ಅಲ್ಲೋ? ಹಣ್ಣ ಅಂದ್ರ ಏನು, ಹೇಳ್ರಿ ನೋಡೂಣು.

ನಾನು: ಹೂವಿನ ಅಂಡಾಶಯ ಬೆಳೆದು, ಒಳಗೆ ಬೀಜ ಹೊತ್ತುಕೊಂಡರೆ ಅದು ಹಣ್ಣು.

ಟಮಾಟೆವ್ವ: ಪಾಠ ಬಾಯಾಗ ಐತಿ, ಪೆನ್ನಿನ್ಯಾಗ ಇಲ್ಲ! ನನ್ನ ತೊಟ್ಟ ನೋಡ್ರಿ. ಈ ಹಸರ ಚುಕ್ಕಿ ಹೂವಿನ ತಳದ ಎಲಿ. ಹಳದಿ ಎಸಳ ಉದುರಿ ಹೋದ್ರೂ ಇದು ಉಳದೈತಿ. ನನ್ನ ಬುಡಕ್ಕ ಸೂಜಿಮೊನಿಯಷ್ಟ ಒಂದ ಕಲಿ ಐತಿ, ನೋಡ್ರಿ, ಅದು ಹೂವಿನ ಶಲಾಕಿ ಅಂಟಿಕೊಂಡಿದ್ದ ಗುರುತು. ಗಜ್ಜರಿಗೆ ಕೇಳ್ರಿ, ಇಂಥಾ ಗುರುತ ಐತೇನು ಅಂತ.

ಚೀಲದ ತಳದಲ್ಲಿ ಗಜ್ಜರಿ ಕೆಮ್ಮಿತು, ಮಾತಾಡಲಿಲ್ಲ.

ಟಮಾಟೆವ್ವ: ನಮ್ಮ ಹೂವಿನ ಸಂಸಾರಾನೂ ಕೇಳಿಬಿಡ್ರಿ. ಹೂವಿನ ನಡುವ ಪರಾಗದ ಚೀಲಗೋಳು ಒಂದಕ್ಕೊಂದು ಹೊಂದಿಕೊಂಡು ಹಳದಿ ಕೊಳವಿ ಆಗಿರ್ತಾವು. ಪರಾಗ ಆ ಕೊಳವಿ ಒಳಗ ಇರ್ತೈತಿ. ಗಿಡಾ ಅಲುಗಿದ್ರ ಉಪ್ಪಿನ ಡಬ್ಬಿ ಝಾಡಿಸಿದಂಗ ಉದುರಿ ತನ್ನ ಹೂವಿಗೇ ಬೀಳತೈತಿ. ಜೇನನೊಣಕ್ಕ ಈ ಕಲಿ ಬರೂದಿಲ್ಲ. ಕಪ್ಪನ ದುಂಬಿ ಬರತೈತಲ್ಲ, ಅದು ಹೂವ ಹಿಡಕೊಂಡು ಗುಂಯ್ ಅಂತ ನಡುಗಿಸಿ ಪರಾಗ ಉದುರಿಸತೈತಿ. ದುಂಬಿ ಇಲ್ಲಂದ್ರ ಗಾಳಿ ಸಾಕು. ಗಾಳಿನೂ ಇಲ್ಲದ ಪಾಲಿಹೌಸಿನ್ಯಾಗ ರೈತರ ಕೈನ ಗಾಳಿ. ಗಿಡಾ ಕಟ್ಟಿದ ದಾರ ತಟ್ಟಿ ಅಲುಗಿಸ್ತಾರ.

ನಾನು: ಅಂದರೆ ಅಲುಗಿದರೆ ಸಾಕು, ಹಣ್ಣಾಯಿತು ಅನ್ನಿ.

ಟಮಾಟೆವ್ವ: ಅಷ್ಟ ಸರಳಿದ್ರ ನಮ್ಮ ದರಾ ಯಾಕ ಏರತಿತ್ತು? ಬಾಗಲಕೋಟಿ ಕಡೆ ಏಪ್ರಿಲ್ ಮೇ ಬಿಸಲ ನಿಮಗ ಗೊತ್ತೈತಿ, 40 ಡಿಗ್ರಿ ಮುಟ್ಟತೈತಿ. ಆ ಬಿಸಲಿಗೆ ಪರಾಗದ ಶಕ್ತಿ ಹೋಗತೈತಿ. ರಾತ್ರಿನೂ ತಂಪ ಬೀಳಲಿಲ್ಲಂದ್ರ ಮುಗೀತು. ನನ್ನ ತೊಟ್ಟಿನ ಮ್ಯಾಲ ಬೆರಳಿನ ಗೆಣ್ಣಿನಂಗ ಒಂದ ಗಂಟ ಐತಿ, ನೋಡ್ರಿ. ಬಸರ ನಿಲ್ಲದ ಹೂವು ಆ ಗಂಟಿನ ಕಡೆ ಕಳಚಿ ಬೀಳತೈತಿ. ಗಿಡದ ತುಂಬ ಹೂವು, ಒಂದೂ ಕಾಯಿ ಇಲ್ಲ ಅಂತ ರೈತ ತಲಿ ಮ್ಯಾಲ ಕೈ ಇಟ್ಟಕೋತಾನ. ಹೂವಿನಿಂದ ಕೆಂಪ ಹಣ್ಣ ಆಗಾಕ ಒಂದೂವರಿ ಎಲ್ಡ ತಿಂಗಳ ಬೇಕು. ಮೇ ತಿಂಗಳ ಉದುರಿದ ಹೂವಿನ ಲೆಕ್ಕಾ ಜುಲೈದಾಗ ನಿಮ್ಮ ಕಿಸೆಕ ಬರತೈತಿ. 2023ರ ಜುಲೈದಾಗ ನಾ ಕಿಲೋಕ್ಕ 100 ರೂಪಾಯಿ ದಾಟಿದ್ದೆ. ನೆನಪೈತೇನು? ಅವತ್ತ ನನಗ ಯಾರೂ ತರಕಾರಿ ಅಂದಿರಲಿಲ್ಲ, ಬಂಗಾರ ಅಂದಿದ್ರು.

ಅದಕ್ಕೆ ಮಳೆ, ರೋಗ, ಅಂತರರಾಜ್ಯ ಲಾರಿ ಅಂತ ಬೇರೆ ಕಾರಣಗಳೂ ಇರುತ್ತವೆ ಅನ್ನಲು ಬಾಯಿ ತೆರೆದೆ. ಅವಳು ಬಿಡಲಿಲ್ಲ.

ಟಮಾಟೆವ್ವ: ಇನ್ನೊಂದ ಮಾತು. ನಾ ಬಸರ ಹೆಂಗಸು. ನನ್ನ ಅಡ್ಡ ಕೊಯ್ದ್ರ ಒಳಗ ಎಲ್ಡ ಮೂರ ಖೋಲಿ, ಕೆಲವರಿಗೆ ಐದಾರು. ಖೋಲಿ ತುಂಬ ಲೋಳಿ, ಲೋಳಿ ತುಂಬ ಬೀಜ. ಆ ಲೋಳಿ ಯಾಕ ಗೊತ್ತೇನು? ನನ್ನ ಹೊಟ್ಟ್ಯಾಗ ಇದ್ದಾಗನ ಮಕ್ಕಳು ಮೊಳಕಿ ಒಡೀಬಾರದು ಅಂತ. ಇಂಥಾಕಿಗೆ ಹಸರ ಬಳಿ ಇಟ್ಟು, ಗುಳೇದಗುಡ್ಡದ ಖಣಾ ಕೊಟ್ಟು ಕುಬಸ ಮಾಡಬೇಕು. ನೀವು ಈಳಿಗಿ ಮುಂದ ಕುಂದರಸ್ತೀರಿ.

ಈಳಿಗೆಯನ್ನು ಮೆಲ್ಲಗೆ ಮಂಚದ ಕೆಳಗೆ ಸರಿಸಿದೆ.

ನಾನು: ಆದರೂ ಯವ್ವಾ, ನಮ್ಮ ಜಿಲ್ಲೆಯಲ್ಲೇ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಐತಿ. 2008ರಲ್ಲಿ ಬಾಗಲಕೋಟೆಯಲ್ಲಿ ಶುರುವಾಯಿತು. ಅಲ್ಲಿ ಹಣ್ಣು ವಿಜ್ಞಾನಕ್ಕೆ ಒಂದು ವಿಭಾಗ, ತರಕಾರಿ ವಿಜ್ಞಾನಕ್ಕೆ ಇನ್ನೊಂದು. ನಿಮ್ಮನ್ನು ಕೂಡಿಸಿರುವುದು ತರಕಾರಿ ವಿಭಾಗದಲ್ಲಿ. ಅಷ್ಟು ಓದಿದವರೇ ಹಾಗೆ ಮಾಡಿದ ಮೇಲೆ ನನ್ನ ಪೆನ್ನಿನ ತಪ್ಪೇನು?

ಟಮಾಟೆವ್ವ: ಗಾಯಕ್ಕ ಉಪ್ಪ ಹಾಕ್ತೀರಿ! ಅದರ ಮೂಲಾ ಹಳೇದು. ನನ್ನ ಹೆಸರಿಗೆ ಒಂದ ಖಟ್ಲೆ ನಡದಿತ್ತು, ಗೊತ್ತೇನು? ಅದೂ ಅಮೆರಿಕಾದ ಸುಪ್ರೀಂ ಕೋರ್ಟಿನ್ಯಾಗ.

ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಅವಳ ಮಾತಿನಲ್ಲಿ ಹೇಳಿದರೆ ಅರ್ಧ ಬೈಗುಳವೇ ಆದೀತು.

1883ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಒಂದು ಸುಂಕದ ಕಾನೂನು ಬಂತು. ಹೊರದೇಶದಿಂದ ಬಂದ ತರಕಾರಿಗೆ ನೂರಕ್ಕೆ ಹತ್ತು ಸುಂಕ, ಹಣ್ಣಿಗೆ ಸುಂಕವಿಲ್ಲ. ನ್ಯೂಯಾರ್ಕಿನಲ್ಲಿ ಜಾನ್ ನಿಕ್ಸ್ ಅಂತ ಒಬ್ಬ ಕಾಯಿಪಲ್ಲೆ ವ್ಯಾಪಾರಿ. 1886ರಲ್ಲಿ ಅವನ ಸರಕು ವೆಸ್ಟ್ ಇಂಡೀಸಿನಿಂದ ಹಡಗಿನಲ್ಲಿ ಬಂತು, ಟೊಮೆಟೊ. ಬಂದರಿನ ಸುಂಕದ ಅಧಿಕಾರಿ ಎಡ್ವರ್ಡ್ ಹೆಡ್ಡೆನ್ ‘ಇದು ತರಕಾರಿ, ಸುಂಕ ಇಡು’ ಅಂದ. ನಿಕ್ಸ್ ‘ಇದು ಹಣ್ಣು, ಆದರೂ ಈಗ ಕೊಡುತ್ತೇನೆ, ಕೋರ್ಟಿನಲ್ಲಿ ನೋಡಿಕೊಳ್ಳುತ್ತೇನೆ’ ಅಂತ ತಕರಾರು ಹೇಳಿ ರೊಕ್ಕ ಕಟ್ಟಿದ. 1887ರಲ್ಲಿ ದಾವೆ ಹೂಡಿದ.

ಕೋರ್ಟಿನಲ್ಲಿ ಆದದ್ದು ನಮ್ಮ ಶಾಲೆಯ ಚರ್ಚಾಸ್ಪರ್ಧೆಗಿಂತ ಮಜವಾಗಿತ್ತು. ನಿಕ್ಸ್‌ನ ವಕೀಲ ಎದ್ದು ನಿಂತು ನಿಘಂಟು ತೆಗೆದು ಹಣ್ಣು, ತರಕಾರಿ, ಟೊಮೆಟೊ ಈ ಮೂರರ ಅರ್ಥ ಓದಿದ. ಎದುರಿನ ವಕೀಲನೂ ನಿಘಂಟು ತೆಗೆದು ಬಟಾಣಿ, ಬದನೆ, ಸೌತೆ, ಕುಂಬಳ, ಮೆಣಸಿನಕಾಯಿಯ ಅರ್ಥ ಓದಿದ. ಇವೂ ಬಳ್ಳಿ, ಗಿಡದ ಹಣ್ಣುಗಳೇ. ಆದರೂ ಜನ ತರಕಾರಿ ಅನ್ನುತ್ತಾರಲ್ಲ ಅನ್ನುವುದು ಅವನ ಮರ್ಮ. ಬಿಟ್ಟಾನೆಯೇ ನಿಕ್ಸ್‌ನ ವಕೀಲ? ಮತ್ತೆ ಎದ್ದು ಆಲೂಗಡ್ಡೆ, ಹೂಕೋಸು, ಎಲೆಕೋಸು, ಗಜ್ಜರಿಯ ಅರ್ಥ ಓದಿದ. ನಿಜವಾದ ತರಕಾರಿ ಅಂದರೆ ಇವು ಅಂತ. ಆ ವ್ಯಾಪಾರದಲ್ಲಿ ಕೂದಲು ಹಣ್ಣಾದ ಇಬ್ಬರನ್ನು ಸಾಕ್ಷಿಗೆ ಕರೆದರು. ಅವರು ‘ವ್ಯಾಪಾರದಲ್ಲಿ ಈ ಮಾತುಗಳಿಗೆ ಬೇರೆ ವಿಶೇಷ ಅರ್ಥವೇನೂ ಇಲ್ಲ’ ಅಂದು ಕೂತರು.

1893ರ ಮೇ 10ರಂದು ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಹೊರೇಸ್ ಗ್ರೇ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಟೊಮೆಟೊ ಹಣ್ಣೇ ಅಂತ ಅವರು ಮೊದಲು ಒಪ್ಪಿಕೊಂಡರು. ಆಮೇಲೆ, ಸುಂಕದ ಕಾನೂನು ಸಸ್ಯಶಾಸ್ತ್ರಿಗಳಿಗೆ ಬರೆದದ್ದಲ್ಲ, ಮಾರುವವರಿಗೆ, ತಿನ್ನುವವರಿಗೆ ಬರೆದದ್ದು ಅನ್ನುವ ಧಾಟಿಯಲ್ಲಿ ನಡೆದರು. ಜನ ಟೊಮೆಟೊವನ್ನು ಊಟದ ಜೊತೆಗೆ ತಿನ್ನುತ್ತಾರೆ, ಹಣ್ಣಿನ ಹಾಗೆ ಊಟದ ಕೊನೆಗೆ ಸಿಹಿಯಾಗಿ ತಿನ್ನುವುದಿಲ್ಲ, ಆದ್ದರಿಂದ ಈ ಕಾನೂನಿನ ಮಟ್ಟಿಗೆ ಅದು ತರಕಾರಿ. ನಿಕ್ಸ್ ಸೋತ, ಸುಂಕ ಖಾಯಂ.

ಟಮಾಟೆವ್ವ: ಕೇಳಿದ್ರೇನು ನ್ಯಾಯ? ನಾ ಏನು ಅನ್ನೂದು ನನ್ನ ಹೊಟ್ಟಿ ನೋಡಿ ಹೇಳಲಿಲ್ಲ, ನಿಮ್ಮ ಹೊಟ್ಟಿ ನೋಡಿ ಹೇಳಿದ್ರು! ಅವತ್ತ ಹತ್ತಿದ ಚಟಾ ಇನ್ನೂ ಬಿಟ್ಟಿಲ್ಲ. ಇವತ್ತಿಗೂ ನಿಮ್ಮ ದೇಶ ಹಿಡದು ಎಲ್ಲಾ ಕಡೆ ಸುಂಕದ ಪುಸ್ತಕದಾಗ 7ನೇ ಅಧ್ಯಾಯ ತರಕಾರಿ, 8ನೇ ಅಧ್ಯಾಯ ಹಣ್ಣು. ನನ್ನ ಕುಂದರಿಸಿದ್ದು 7ರಾಗ.

ನಾನು: ಯವ್ವಾ, ಆ ಜಡ್ಜ್ ಸಾಹೇಬರು ಒಂದು ಸಲ ನಮ್ಮ ಕಡೆ ಊಟಕ್ಕೆ ಬರಬೇಕಿತ್ತು. ನಾವು ಬಾಳೆಹಣ್ಣಿನ ಶೀಕರಣಿಯನ್ನು ನಡುವೂಟದಲ್ಲೇ ಚಪಾತಿಗೆ ಹಚ್ಚಿ ತಿನ್ನುತ್ತೇವೆ. ಅವರ ಲೆಕ್ಕದಲ್ಲಿ ಬಾಳೆಹಣ್ಣೂ ತರಕಾರಿಯೇ ಆಗಬೇಕು.

ಮೊದಲ ಸಲ ಟಮಾಟೆವ್ವ ನಕ್ಕಳು. ಹೊಟ್ಟೆಯೊಳಗೆ ಬೀಜ ಕುಲುಕಿದವು.

ನಾನು: ಇನ್ನು ನಿಮಗೆ ಸಿಹಿ ಸುದ್ದಿ. ಯುರೋಪಿನವರು 2001ರಲ್ಲಿ ಜಾಮಿನ ನಿಯಮ ಬರೆದರು. ಹಣ್ಣಿನಿಂದ ಮಾಡಿದರೆ ಮಾತ್ರ ಅದನ್ನು ಜಾಮ್ ಅನ್ನಬೇಕು ಅಂತ. ಆ ನಿಯಮದಲ್ಲಿ ಟೊಮೆಟೊವನ್ನು ಹಣ್ಣು ಅಂತ ಲೆಕ್ಕಕ್ಕೆ ಹಿಡಿದಿದ್ದಾರೆ.

ಟಮಾಟೆವ್ವ: ನೋಡ್ರಿ, ನೋಡ್ರಿ! ನ್ಯಾಯ ಅನ್ನೂದು ಎಲ್ಲೋ ಒಂದ ಕಡೆ ಐತಿ!

ನಾನು: ಅದೇ ಸಾಲಿನಲ್ಲಿ ಗಜ್ಜರಿ ಮತ್ತು ಗೆಣಸೂ ಹಣ್ಣು ಅಂತ ಬರೆದಿದ್ದಾರೆ.

ಚೀಲದ ತಳದಲ್ಲಿ ಗಜ್ಜರಿ ಈ ಸಲ ಕೆಮ್ಮಲಿಲ್ಲ, ಖೋ ಅಂತ ನಕ್ಕಿತು. ಮಣ್ಣಿನೊಳಗಿನ ಬೇರು, ಹೂವಿಲ್ಲ, ಬೀಜವಿಲ್ಲ, ಕಾನೂನಿನ ಒಂದೇ ಸಾಲಿಗೆ ಹಣ್ಣಾಗಿಬಿಟ್ಟಿತ್ತು. ಟಮಾಟೆವ್ವನ ಮುಖ ಇಳಿಯಿತು. ಗೆದ್ದ ಬಹುಮಾನವನ್ನು ಓಡದವರಿಗೂ ಹಂಚಿದರೆ ಯಾರಿಗೆ ಬೇಸರವಾಗುವುದಿಲ್ಲ?

ಆಗ ಬದನೇಕಾಯಿ ಬಾಯಿ ಹಾಕಿತು. ಬದನೆ ಅವಳ ದಾಯಾದಿ, ಇಬ್ಬರದೂ ಒಂದೇ ಕುಲ. ಮೆಣಸಿನಕಾಯಿ, ಆಲೂಗಡ್ಡೆಯೂ ಅದೇ ಮನೆತನ.

“ಅಕ್ಕಾ, ನೀ ಬುಟ್ಟಿ ಬಿಟ್ಟ ಇಳದ್ರ ನಾನೂ ಇಳಿಬೇಕಾಗತೈತಿ. ನನಗೂ ಹೂವೈತಿ, ಬೀಜೈತಿ. ಸೌತಿ, ಹೀರಿ, ಬೆಂಡಿ, ಹಾಗಲ, ಕುಂಬಳ, ಅವರೂ ಇಳಿತಾರ. ಆಮ್ಯಾಲ ಸಂತ್ಯಾಗ ತರಕಾರಿ ಅಂತ ಉಳಿಯಾವ್ರು ಯಾರು? ಬೇರಿನ ಗಜ್ಜರಿ, ಎಲಿ ಬುಡದ ಉಳ್ಳಾಗಡ್ಡಿ, ಮೊಗ್ಗಿನ ಹೂಕೋಸು, ಒಂದ ಹಿಡಿ ತಪ್ಪಲಪಲ್ಲೆ. ಅವ್ರವ್ರಿಗೂ ಒಬ್ಬರಿಗೊಬ್ಬರಿಗೆ ಸಂಬಂಧಿಲ್ಲ.”

ಇದು ನನಗೆ ಹೊಳೆದಿರಲಿಲ್ಲ. ಗಿಡದಲ್ಲಿ ಬೇರು ಇದೆ, ಕಾಂಡ ಇದೆ, ಎಲೆ, ಹೂ, ಹಣ್ಣು ಇವೆ. ತರಕಾರಿ ಅನ್ನುವ ಭಾಗ ಯಾವ ಗಿಡದಲ್ಲೂ ಇಲ್ಲ. ಅದು ಹೊಲದಲ್ಲಿ ಹುಟ್ಟುವುದಿಲ್ಲ, ಅಡುಗೆಮನೆಯ ಹೊಸ್ತಿಲು ದಾಟಿದ ಮೇಲೆ ಹುಟ್ಟುತ್ತದೆ. ಹಣ್ಣು ಗಿಡದ ಮಾತು, ತರಕಾರಿ ಒಲೆಯ ಮಾತು. ಒಬ್ಬಳು ಹೆಂಗಸನ್ನು ‘ನೀನು ಮಗಳೋ, ಡಾಕ್ಟರೋ, ಒಂದು ಹೇಳು’ ಅಂತ ಕೇಳಿದ ಹಾಗೆ ನನ್ನ ಪ್ರಶ್ನೆಪತ್ರಿಕೆ ಕೇಳಿತ್ತು.

ಟಮಾಟೆವ್ವ ಮಾತ್ರ ಸೋಲುವವಳಲ್ಲ.

ಟಮಾಟೆವ್ವ: ತಂಗಿ, ನಿಮ್ಮ ಸಂಕಟ ಬ್ಯಾರೆ, ನನ್ನ ಸಂಕಟ ಬ್ಯಾರೆ. ನಮ್ಮ ಮಂದಿ ಏನ ಅಂತಾರ? ಕಾಯಿಪಲ್ಲೆ. ಕಾಯಿ ಅಂದ್ರ ಬೀಜ ಬಲೀಲಾರದ ಹಣ್ಣು. ಬೀಜ ಬಲಿಯೂತನಕ ಗಿಡಾ ಮಕ್ಕಳನ್ನ ಎಲಿ ಬಣ್ಣದಾಗ ಮುಚ್ಚಿ ಇಡತೈತಿ, ಒಗರ ಮಾಡಿ, ಗಟ್ಟಿ ಮಾಡಿ, ಯಾರೂ ಬಾಯಿ ಹಾಕಬಾರದು ಅಂತ. ಬೀಜ ಬಲಿತು ಅಂದಮ್ಯಾಲ ಹಸರ ಕರಗಿಸಿ, ಕೆಂಪ ತುಂಬಿ, ಮೆತ್ತಗ ಮಾಡಿ, ‘ಬರ್ರಿ, ತಿನ್ರಿ, ಬೀಜ ದೂರ ಒಯ್ದ ಒಗೀರಿ’ ಅಂತ ಕರಿತೈತಿ. ನಿನ್ನ ಎಳೇದಿದ್ದಾಗ ಹರೀತಾರ, ಬೆಂಡಿಕಾಯಿ ಬಲಿತ್ರ ಯಾರೂ ಮುಟ್ಟೂದಿಲ್ಲ. ನಿಮಗ ಕಾಯಿ ಅಂದ್ರ ನ್ಯಾಯ ಐತಿ. ನಾ ತುಂಬ ಹಣ್ಣಾಗಿ ಬರತೀನಿ, ಆದ್ರೂ ಕಾಯಿಪಲ್ಲೆ ಬುಟ್ಟಿಗೇ ಹಾಕ್ತಾರ!

ನಾನು: ಇಲ್ಲಿ ಮಾತ್ರ ನಿಮ್ಮ ಲೆಕ್ಕ ತಪ್ಪಿತು ಯವ್ವಾ. ನಮ್ಮ ಮನೆಯಲ್ಲಿ ನಿಮಗೆ ಏನನ್ನುತ್ತಾರೆ? ಹಸಿರಿದ್ದಾಗ ‘ಟಮಾಟಿ ಕಾಯಿ’. ಶೇಂಗಾ, ಹಸಿಮೆಣಸಿನಕಾಯಿ ಹಾಕಿ ಚಟ್ನಿ ಅರೆಯುತ್ತಾರೆ. ಕೆಂಪಾದಾಗ ‘ಟಮಾಟಿ ಹಣ್ಣು’. ಅಂಗಡಿಯವನಿಗೂ ‘ಅರ್ಧ ಕಿಲೋ ಟಮಾಟಿ ಹಣ್ಣ ಕೊಡಪಾ’ ಅನ್ನುತ್ತಾರೆ. ಅಮೆರಿಕದ ಕೋರ್ಟು ವರ್ಷಗಟ್ಟಲೆ ತಲೆಕೆಡಿಸಿಕೊಂಡಿದ್ದನ್ನು ನಮ್ಮವ್ವ ಸಂತೆಯಲ್ಲಿ ಎರಡು ಮಾತಿನಲ್ಲಿ ತೀರಿಸಿದ್ದಾಳೆ. ಬುಟ್ಟಿ ಕಾಯಿಪಲ್ಲೆಯದು, ಹೆಸರು ಹಣ್ಣಿನದು.

ಟಮಾಟೆವ್ವ ಸುಮ್ಮನಾದಳು. ಅಷ್ಟರಲ್ಲಿ ಚೀಲದ ಅಂಚಿನಿಂದ ಖಾರದ ದನಿ ಬಂತು.

“ನನ್ನ ಹೆಸರ ಕೇಳ್ರಿ. ಹಣ್ಣ ಮೆಣಸಿನಕಾಯಿ. ಒಂದ ಹೆಸರಿನ್ಯಾಗ ಹಣ್ಣೂ ಐತಿ, ಕಾಯಿನೂ ಐತಿ. ನಾ ಯಾವ ಕೋರ್ಟಿಗೂ ಹೋಗಿಲ್ಲ. ರಂಜಕ ಆಗಿ ರೊಟ್ಟಿ ಮ್ಯಾಲ ಕುಂತೀನಿ, ತಿಂದವರ ಕಣ್ಣಾಗ ನೀರ ಬರತೈತಿ, ನನ್ನ ಕಣ್ಣಾಗಲ್ಲ.”

ಇದರ ಮೇಲೆ ಮಾತಿಲ್ಲ ಅಂದುಕೊಂಡೆ. ಆದರೂ ಟಮಾಟೆವ್ವನ ಮನಸ್ಸಿನ ಮುಳ್ಳು ಪೂರ್ತಿ ಹೋಗಿರಲಿಲ್ಲ.

ಟಮಾಟೆವ್ವ: ಅಲ್ರೀ, ದ್ರಾಕ್ಷಿನೂ ನಾನೂ ಒಂದ ಜಾತಿಯ ಹಣ್ಣು. ತೆಳ್ಳನ ಸಿಪ್ಪಿ, ತುಂಬ ತಿರಳು, ತಿರಳಿನ್ಯಾಗ ಬೀಜ. ಆಕಿ ಗಾಡಿ ಮ್ಯಾಲ ಗೊಂಚಲಾಗಿ ಜೋತಾಡತಾಳ, ದೇವರ ಮುಂದ ಹಣ್ಣಿನ ತಾಟಿನ್ಯಾಗ ಕುಂದರತಾಳ. ನನ್ನ ಸಾರಿಗೆ ಕಿವುಚತಾರ. ಪಲ್ಲೆ ಆದವ್ರಿಗೆ ಏನ ಮರ್ಯಾದಿ ಐತ್ರಿ?

ನಾನು: ಬಾದಾಮಿ ದಾರಿಯಲ್ಲಿ ಹೋಗಿ ಆ ಮಾತು ಆಡಬೇಡಿ ಯವ್ವಾ. ಚೊಳಚಗುಡ್ಡದ ಬನಶಂಕರಿಯ ಇನ್ನೊಂದು ಹೆಸರೇನು? ಶಾಕಂಬರಿ. ಶಾಕ ಅಂದರೆ ಪಲ್ಲೆ. ನೂರು ವರ್ಷ ಮಳೆಯಿಲ್ಲದಾಗ ತನ್ನ ಮೈಯಿಂದಲೇ ಕಾಯಿಪಲ್ಲೆ ಹುಟ್ಟಿಸಿ ಜಗತ್ತಿಗೆ ಉಣಿಸಿದಳು ಅಂತ ಪುರಾಣ ಹೇಳುತ್ತದೆ. ಪುಷ್ಯ ಮಾಸದ ಜಾತ್ರೆಯ ಹೊತ್ತಿಗೆ ಅಲ್ಲಿ ‘ಪಲ್ಲೇದ ಹಬ್ಬ’ ಅಂತಲೇ ಮಾಡುತ್ತಾರೆ, 108 ಬಗೆಯ ಪಲ್ಲೆಯ ನೈವೇದ್ಯ. ಹಣ್ಣಿಗೆ ತಾಟು ಉಂಟು ಹೌದು. ಆದರೆ ಪಲ್ಲೆಗೆ ಒಬ್ಬ ತಾಯಿಯೇ ಇದ್ದಾಳೆ.

ಟಮಾಟೆವ್ವ: ನಾ ಪರದೇಶದಾಕಿ. ಮೆಕ್ಸಿಕೋದಾಗ ನನಗ ‘ತೊಮಾಟ್ಲ್’ ಅಂತಿದ್ರು, ಹಡಗ ಹತ್ತಿ ಬಂದಾಕಿ. ನನಗ ಆ ತಾಯಿ ಹೆಂಗ ಸಿಗತಾಳ?

ನಾನು: 578ರಲ್ಲಿ ಚಾಲುಕ್ಯರು ಬಾದಾಮಿಯ ಮೇಣಬಸದಿಯ ಮೂರನೆಯ ಗುಹೆಯಲ್ಲಿ ಶಾಸನ ಬರೆಸಿದಾಗ ನೀವೂ ಇರಲಿಲ್ಲ, ಈ ಮೆಣಸಿನಕಾಯಿಯೂ ಇರಲಿಲ್ಲ. ಪುಲಿಕೇಶಿ ಟಮಾಟಿ ಸಾರು ಉಣ್ಣದೇ ರಾಜ್ಯ ಆಳಿ ಹೋದ. ಇವತ್ತು ನಿಮ್ಮಿಬ್ಬರನ್ನು ಬಿಟ್ಟು ಬಾಗಲಕೋಟೆ ಜಿಲ್ಲೆಯಲ್ಲಿ ಯಾರ ಮನೆಯ ಒಲೆಯಾದರೂ ಹೊತ್ತುತ್ತದೆಯೇ? ಸೊಸೆಯಾಗಿ ಬಂದವರು ಮನೆಯವರೇ ಆಗಿದ್ದೀರಿ.

ಟಮಾಟೆವ್ವ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ದನಿ ಮೆತ್ತಗೆ ಮಾಡಿ ಅಂದಳು:

“ಆತು ಮಾಸ್ತರ. ಖಟ್ಲೆ ಹಿಂದ ತಗೋತೀನಿ. ಎಲ್ಡ ಕರಾರು. ಒಂದು, ಆ ಹುಡುಗನ ಮಾರ್ಕ್ಸ್ ವಾಪಸ್ ಕೊಡಬೇಕು. ಎಲ್ಡು, ನನ್ನ ಇವತ್ತ ಸಾರಿಗೆ ಹಾಕಬಾರದು. ಊಟಾ ಆದ ಮ್ಯಾಲ ತಿನಬೇಕು.”

ಎರಡನೆಯ ಕರಾರಿನ ಮರ್ಮ ತಕ್ಷಣ ಹೊಳೆಯಲಿಲ್ಲ. ಮೊದಲನೆಯದನ್ನು ಅಲ್ಲೇ ಪೂರೈಸಿದೆ. ‘ಹಣ್ಣು’ ಅಂದವನ ಅಡ್ಡಗೀಟು ಹೊಡೆದುಹಾಕಿ ಪೂರ್ತಿ ಮಾರ್ಕು ಕೊಟ್ಟೆ. ‘ತರಕಾರಿ’ ಅಂದ ಮೂವತ್ತೊಂಬತ್ತು ಮಂದಿಯ ಮಾರ್ಕನ್ನೂ ಕಿತ್ತುಕೊಳ್ಳಲಿಲ್ಲ. ಅವರದೂ ಸರಿಯೇ. ತಪ್ಪು ಉತ್ತರದಲ್ಲಿರಲಿಲ್ಲ, ಪ್ರಶ್ನೆಯಲ್ಲಿತ್ತು. ಪ್ರಶ್ನೆಪತ್ರಿಕೆ ತೆಗೆದು ನನ್ನ ಪ್ರಶ್ನೆಯ ಮುಂದೆ ಕೆಂಪು ಪೆನ್ನಿನಲ್ಲಿ ಬರೆದೆ: ‘ಯಾರನ್ನು ಕೇಳುತ್ತಿದ್ದೀರಿ, ಗಿಡವನ್ನೋ ಒಲೆಯನ್ನೋ?’ ಮಾಸ್ತರನಿಗೆ ಅರ್ಧ ಮಾರ್ಕು ಕಡಿತ.

ಆಮೇಲೆ ರೊಟ್ಟಿ, ಬದನೇಕಾಯಿ ಎಣ್ಣೆಗಾಯಿ, ರಂಜಕ, ಮಜ್ಜಿಗೆ ಎಲ್ಲ ಮುಗಿಸಿದೆ. ಟಮಾಟೆವ್ವನನ್ನು ತೊಳೆದು ಅಡ್ಡಕ್ಕೆ ಕೊಯ್ದೆ. ಅವಳು ಹೇಳಿದ ಹಾಗೆಯೇ ಒಳಗೆ ಮೂರು ಖೋಲಿ. ಬೀಜಗಳನ್ನು ಲೋಳೆ ಸಮೇತ ಒಂದು ಬಟ್ಟಲಿಗೆ ತೆಗೆದೆ. ಒಂದೆರಡು ದಿನ ಹುಳಿಯಲು ಬಿಟ್ಟು, ಲೋಳೆ ಬಿಟ್ಟ ಮೇಲೆ ತೊಳೆದು, ನೆರಳಿನಲ್ಲಿ ಒಣಗಿಸಿ ಶಾಲೆಯ ಹಿತ್ತಲಲ್ಲಿ ಹಾಕಿದರಾಯಿತು. ಅವಳು ಹೈಬ್ರಿಡ್ ಆಗಿದ್ದರೆ ಮಕ್ಕಳು ತಾಯಿಯ ಹಾಗೆಯೇ ಹುಟ್ಟುತ್ತವೆ ಅಂತ ಹೇಳಲಾಗದು, ಆದರೆ ತಕರಾರು ಮಾತ್ರ ತಾಯಿಯದೇ ಇರುತ್ತದೆ. ಉಳಿದ ಹೋಳಿನ ಮೇಲೆ ಚಿಟಿಕೆ ಸಕ್ಕರೆ ಉದುರಿಸಿಕೊಂಡು ಬಾಯಿಗೆ ಹಾಕಿಕೊಂಡೆ.

ಅಡುಗೆಮನೆಯಿಂದ ಇಣುಕಿದ ನನ್ನಾಕಿ ಬೆರಗಾದಳು. “ಉಂಡಮ್ಯಾಲ ಟಮಾಟಿ ತಿನ್ನೂದ ಯಾವಾಗಿಂದ ಕಲತ್ರಿ? ಅದೂ ಸಕ್ಕರಿ ಹಚಗೊಂಡು?”

“ಸುಮ್ಮನಿರು,” ಅಂದೆ. “ಊಟದ ಕಡೀಕ ಸಿಹಿಯಾಗಿ ತಿಂದ್ರ ಹಣ್ಣು. ಅಮೆರಿಕಾದ ಸುಪ್ರೀಂ ಕೋರ್ಟು ಹೇಳೈತಿ.”